ಪನ್ನ ಎರಡು ಇಂಚು ಕಮ್ಮಿ, ಮದುವೆಗೆ ಆರು ಲಂಗ

ನಮ್ಮಪ್ಪ ಟೈಲರ್. ಹೋದ ವಾರ ಅವರ ಬಲಗೈ ಮಣಿಕಟ್ಟು ಉಳುಕಿ ಪಟ್ಟಿ ಕಟ್ಟಿಕೊಂಡು ಕೂತರು, ಕತ್ತರಿ ನನ್ನ ಕೈಗೆ ಬಂತು. ಆಗ ಇದ್ದ ಕೆಲಸ ಒಂದು ಮದುವೆಯದು. ಮದುಮಗಳ ಗೆಳತಿಯರಿಗೆ ಒಂದೇ ಬಣ್ಣದ ಆರು ಲಂಗ, ಮೇಲೆ ಸಣ್ಣ ಕೆಳಗೆ ಅಗಲ ಇರುವ ಉದ್ದ ತುಂಡುಗಳನ್ನು, ಅಂದರೆ ಕಲಿಗಳನ್ನು, ಜೋಡಿಸಿ ಹೊಲಿಯುವಂಥವು, ಭಾನುವಾರ ಬೆಳಿಗ್ಗೆ ಕೊಡಬೇಕು. ಈ ಕೆಲಸ ಹೇಗೆ ನಿಂತುಹೋಯಿತು, ಮತ್ತೆ ಹೇಗೆ ಸಾಗಿತು ಅಂತ ಮರೆಯುವ ಮೊದಲೇ ಬರೆದಿಡುತ್ತಿದ್ದೇನೆ. ಅಳತೆಗಳು ನನ್ನ ಕಟಿಂಗ್ ಪುಸ್ತಕದಲ್ಲಿ ಇದ್ದ ಹಾಗೇ ಇವೆ.

ಸೋಮವಾರ ಸಂಜೆ: ಪನ್ನ ಅಳೆದಿದ್ದು

ಮೊದಲು ಅಪ್ಪನ ಲೆಕ್ಕ ಹೇಳಿಬಿಡುತ್ತೇನೆ, ಯಾಕೆಂದರೆ ಲೆಕ್ಕದಲ್ಲಿ ತಪ್ಪೇ ಇರಲಿಲ್ಲ. ಒಂದು ಲಂಗಕ್ಕೆ ಹತ್ತು ಕಲಿ. ಒಂದು ಕಲಿ ಮೇಲೆ 4 ಇಂಚು, ಕೆಳಗೆ 12 ಇಂಚು, ಉದ್ದ 38 ಇಂಚು. ಎರಡೂ ಪಕ್ಕದಲ್ಲಿ ಹೊಲಿಗೆಗೆ ಬಿಟ್ಟ ಅರ್ಧರ್ಧ ಇಂಚು ಮಾರ್ಜಿನ್ ಇದರೊಳಗೇ ಸೇರಿದೆ. ಹೊಲಿದ ಮೇಲೆ ಒಂದು ಕಲಿ ಮೇಲೆ 3, ಕೆಳಗೆ 11 ಆಗುತ್ತದೆ. ಹತ್ತು ಸೇರಿದರೆ ಸೊಂಟ 30, ಕೆಳಗಿನ ಸುತ್ತಳತೆ ಅಂದರೆ ಘೇರು 110.

ಕಲಿಗಳನ್ನು ಬಟ್ಟೆಯ ಮೇಲೆ ಒಂದು ನೆಟ್ಟಗೆ, ಒಂದು ತಲೆಕೆಳಗೆ, ಹೀಗೆ ಒಂದರ ಪಕ್ಕ ಒಂದು ಕೂರಿಸುತ್ತಾರೆ. ಒಂದರ ಓರೆಗೆ ಇನ್ನೊಂದರ ಓರೆ ಅಂಟಿಕೊಂಡು ಕೂರುತ್ತದೆ, ನಡುವೆ ಚೂರೂ ಬಟ್ಟೆ ಹಾಳಾಗುವುದಿಲ್ಲ. ಒಂದು ಸಾಲಿಗೆ ಐದು ಕಲಿ ಅಂದರೆ, ಸಾಲಿನ ಒಂದು ಅಂಚಿನಲ್ಲಿ ಮೂರು ಅಗಲದ ಕಡೆ, ಎರಡು ಸಣ್ಣ ಕಡೆ ಬರುತ್ತವೆ. ಮೂರು ಹನ್ನೆರಡು 36, ಎರಡು ನಾಲ್ಕು 8, ಒಟ್ಟು 44. ಬಟ್ಟೆಯ ಪನ್ನ, ಅಂದರೆ ಅಗಲ, 45 ಇಂಚು. ಎರಡೂ ಅಂಚಿಗೆ ಅರ್ಧರ್ಧ ಇಂಚು ಬಿಟ್ಟರೆ ಸರಿಯಾಗಿ 44. ಎರಡು ಸಾಲಿಗೆ ಒಂದು ಲಂಗ, ಹನ್ನೆರಡು ಸಾಲಿಗೆ ಆರು ಲಂಗ. ಸೊಂಟಪಟ್ಟಿಗೆ ಬೇರೆ 24 ಇಂಚು. ಎಲ್ಲಾ ಸೇರಿ 480 ಇಂಚು, ಅಂದರೆ 12.2 ಮೀಟರ್. ಅಪ್ಪ 12.5 ಮೀಟರ್ ತರಿಸಿದ್ದರು. ಅಳತೆಗೆ ತಕ್ಕ ಬಟ್ಟೆ, ಕೈಗೆ ಒಂದಿಷ್ಟು ಉಳಿಕೆ.

ಆದರೆ ಬಟ್ಟೆ ಬಂದಿದ್ದು ಬಿಳಿಯಾಗಿ. ಮದುಮಗಳಿಗೆ ಬೇಕಾದ ಬಣ್ಣಕ್ಕೆ ಅದ್ದಿಸಲು ಕಳಿಸಿದ್ದರು. ಅದ್ದಿಸಿ ಬಂದ ಮೇಲೆ ಯಾರೂ ಮತ್ತೆ ಅಳೆದಿರಲಿಲ್ಲ. ಕಟ್ಟಿಗೆ ಪಿನ್ ಮಾಡಿದ ಚೀಟಿಯಲ್ಲಿ 45 ಅಂತಲೇ ಇತ್ತು.

ನಾನು ಅಳೆದಿದ್ದೂ ಅನುಮಾನದಿಂದ ಅಲ್ಲ. ರಟ್ಟಿನ ಕಲಿಯನ್ನು ಬಟ್ಟೆಯ ಮೇಲೆ ಐದು ಸಲ ಇಟ್ಟು ಸೀಮೆಸುಣ್ಣದಲ್ಲಿ ಚುಕ್ಕೆ ಹಾಕುತ್ತಾ ಹೋದೆ. ಐದನೇ ಕಲಿಯ ಮೂಲೆ ಮೇಜಿನ ಮೇಲೆ ಬಿತ್ತು. ಮತ್ತೆ ಮೊದಲಿಂದ ಇಟ್ಟೆ. ಮತ್ತೆ ಮೇಜಿನ ಮೇಲೇ ಬಿತ್ತು. ಟೇಪು ಹಿಡಿದೆ, 43.

"ಏನಮ್ಮಾ, ಅಲ್ಲೇ ಎಷ್ಟು ಸಲ ಅಳೀತೀಯ?" ಅಂದರು ಅಪ್ಪ.

"ಅಪ್ಪಾ, ಅದ್ದಿಸಿ ಬಂದ ಮೇಲೆ ಪನ್ನ ನೋಡಿದ್ರಾ?"

ಅಪ್ಪ ಮಾತಾಡಲಿಲ್ಲ. ಎದ್ದು ಬಂದು ಎಡಗೈಯಲ್ಲಿ ಬಟ್ಟೆಯ ಅಂಚು ಹಿಡಿದು ನೋಡಿದರು. ಅಂಚಿನುದ್ದಕ್ಕೂ ಸೂಜಿ ಚುಚ್ಚಿದಂಥ ಸಣ್ಣ ತೂತುಗಳಿದ್ದವು. ಬಣ್ಣ ಹಾಕಿದ ಬಟ್ಟೆಯನ್ನು ಎರಡೂ ಕಡೆ ಪಿನ್ನುಗಳಿಗೆ ಸಿಕ್ಕಿಸಿ ಎಳೆದು ಒಣಗಿಸುತ್ತಾರಲ್ಲ, ಆ ತೂತುಗಳು. ನೀರಿಗೆ ಬಿದ್ದ ಬಟ್ಟೆ ಅಡ್ಡಕ್ಕೆ ಕುಗ್ಗಿತ್ತು. ಒಣಗಿಸುವಾಗ ಎಳೆದರೂ ಹಳೇ ಅಗಲಕ್ಕೆ ವಾಪಸ್ ಬಂದಿರಲಿಲ್ಲ.

ಒಂದೇ ಕಡೆ ಅಳೆದು ನಂಬಬಾರದು ಅಂತ ಅಪ್ಪ ಮೊದಲು ಟೇಪನ್ನೇ ಸ್ಟೀಲ್ ಸ್ಕೇಲಿನ ಪಕ್ಕ ಇಡಿಸಿದರು, ಬಟ್ಟೆಯ ಟೇಪು ವರ್ಷಗಟ್ಟಲೆ ಎಳೆದೆಳೆದು ಉದ್ದ ಆಗಿರುತ್ತದೆ. ನಮ್ಮದು ಸರಿಯಾಗಿತ್ತು. ಆಮೇಲೆ ಇಡೀ ಬಟ್ಟೆ ಬಿಚ್ಚಿ ಎರಡೆರಡು ಮೀಟರಿಗೆ ಒಂದು ಸಲ ಪನ್ನ ಅಳೆದೆವು. ಎಳೆಯದೆ, ಕೈಯಲ್ಲಿ ಸವರಿ, ಮಟ್ಟವಾಗಿ ಮಲಗಿಸಿ ಅಳೆದೆವು. ಪುಸ್ತಕದಲ್ಲಿ ಬರೆದದ್ದು ಇದು: 43, 43, 42¾, 43, 43¼, 42¾, 43. ಉದ್ದವೂ ಕುಗ್ಗಿತ್ತು. 12.5 ಮೀಟರ್ ಹೋಗಿ 12.1 ಆಗಿತ್ತು, ಅಂದರೆ 476 ಇಂಚು.

ಕಟಿಂಗಿಗೆ ಲೆಕ್ಕ ಹಿಡಿಯಬೇಕಾದ್ದು ಎಲ್ಲಕ್ಕಿಂತ ಕಮ್ಮಿ ಇರುವ ಪನ್ನ. 42¾ರಲ್ಲಿ ತೂತು ಇರುವ ಅಂಚು ಎರಡೂ ಕಡೆ ಅರ್ಧರ್ಧ ಇಂಚು ತೆಗೆದರೆ 41¾. ನಮಗೆ ಬೇಕಾದ್ದು 44.

ಎರಡೂಕಾಲು ಇಂಚು ಅಂದರೆ ಕೇಳಲು ಏನೂ ಅಲ್ಲ. ಆದರೆ ಕಲಿ ಅರ್ಧಂಬರ್ಧ ಕೂರುವುದಿಲ್ಲ. ಐದು ಕೂರದಿದ್ದರೆ ಸಾಲಿಗೆ ನಾಲ್ಕೇ. ಆರು ಲಂಗಕ್ಕೆ ಅರವತ್ತು ಕಲಿ, ಸಾಲಿಗೆ ನಾಲ್ಕು ಅಂದರೆ ಹದಿನೈದು ಸಾಲು, 570 ಇಂಚು. ಇರುವುದು 476. ಸೊಂಟಪಟ್ಟಿ ಬಿಟ್ಟೇ ಸುಮಾರು 2.4 ಮೀಟರ್ ಕೊರತೆ. ಹೊಸದಾಗಿ ಬಟ್ಟೆ ತಂದು ಅದ್ದಿಸಿದರೆ ಬಣ್ಣ ಅದೇ ಬರುತ್ತದೆ ಅನ್ನುವ ನಂಬಿಕೆ ಇಲ್ಲ. ಒಂದೇ ಲಂಗದಲ್ಲಿ ಎರಡು ಅದ್ದುವಿಕೆಯ ಕಲಿ ಅಕ್ಕಪಕ್ಕ ಬಂದರೆ ದೂರದಿಂದಲೂ ಗೊತ್ತಾಗುತ್ತದೆ. ಅದಕ್ಕೆ ಸಮಯವೂ ಇರಲಿಲ್ಲ.

ಅಪ್ಪ ಆ ರಾತ್ರಿ ಸರಿಯಾಗಿ ಊಟ ಮಾಡಲಿಲ್ಲ.

ಮಂಗಳವಾರ: ಆಗದೇ ಹೋದ ದಾರಿಗಳು

ಘೇರು ಕಮ್ಮಿ ಮಾಡಿಬಿಟ್ಟರೆ ಆಯಿತಲ್ಲ ಅಂತ ಯಾರಿಗಾದರೂ ಮೊದಲು ಅನ್ನಿಸುತ್ತದೆ. ಕಲಿಯ ಕೆಳಗಿನ ಅಗಲವನ್ನು 12ರಿಂದ 11¼ಕ್ಕೆ ಇಳಿಸಿದರೆ ಐದು ಕಲಿ ಕೂರುತ್ತವೆ. ಲಂಗದ ಘೇರು ಏಳೂವರೆ ಇಂಚು ಕಮ್ಮಿ ಆಗುತ್ತದೆ, ಉಟ್ಟಾಗ ಯಾರಿಗೂ ತಿಳಿಯುವುದಿಲ್ಲ. ಬೇರೆ ಲಂಗ ಆಗಿದ್ದರೆ ನಾನೂ ಹಾಗೇ ಮಾಡುತ್ತಿದ್ದೆ. ಆದರೆ ಇಲ್ಲಿ ಕೆಳಗೆ ಹಾಕುವ ಕಸೂತಿ ಪಟ್ಟಿ ಆಗಲೇ ತಯಾರಾಗಿ ಬಂದಿತ್ತು. ಆರು ಪಟ್ಟಿ, ಒಂದೊಂದರಲ್ಲೂ ಹತ್ತು ಹೂವು, ಹೂವಿಂದ ಹೂವಿಗೆ ಸರಿಯಾಗಿ 11 ಇಂಚು. ಪ್ರತಿ ಕಲಿಯ ನಡುವಿಗೆ ಒಂದು ಹೂವು ಬರಬೇಕು ಅಂತ ಅಳತೆ ಕೊಟ್ಟು ಮಾಡಿಸಿದ್ದು. ಕಲಿ ಸಣ್ಣದಾದರೆ ಹೂವು ಒಂದೊಂದಾಗಿ ಜರುಗುತ್ತಾ ಹೋಗಿ ನಾಲ್ಕೈದು ಕಲಿ ದಾಟುವಷ್ಟರಲ್ಲಿ ಹೊಲಿಗೆಯ ಹತ್ತಿರ ಬಂದು ಕೂರುತ್ತದೆ. ಹಾಗಾಗಿ 11 ಅನ್ನುವುದನ್ನು ಮುಟ್ಟುವ ಹಾಗಿರಲಿಲ್ಲ.

ಎರಡನೇದು ಮಾರ್ಜಿನ್. ಅರ್ಧ ಇಂಚಿನ ಬದಲು ಕಾಲು ಇಂಚು ಬಿಟ್ಟರೆ ಕಲಿ ಮೇಲೆ 3½, ಕೆಳಗೆ 11½. ಮೂರು ಹನ್ನೊಂದೂವರೆ 34½, ಎರಡು ಮೂರೂವರೆ 7, ಒಟ್ಟು 41½. ಇರುವುದು 41¾. ಕೂತೇಬಿಟ್ಟಿತು! ಆ ಖುಷಿಯಲ್ಲಿ ಸೀಮೆಸುಣ್ಣ ಕೈಗೆ ತೆಗೆದುಕೊಂಡಿದ್ದೆ. ಅಪ್ಪ, "ಮೊದಲು ತುಂಡಲ್ಲಿ ಹೊಲಿದು ನೋಡು" ಅಂದರು. ಕೊನೆಯಲ್ಲಿ ಸೊಟ್ಟಗಿದ್ದ ಬಟ್ಟೆಯಿಂದ ಎರಡು ಪಟ್ಟಿ ಕತ್ತರಿಸಿ, ಕಾಲು ಇಂಚಿಗೆ ಹೊಲಿದು, ಓವರ್‌ಲಾಕ್ ಹಾಕಿ, ಎರಡೂ ಕೈಯಲ್ಲಿ ಹಿಡಿದು ಎಳೆದೆ. ದಾರ ಕಿತ್ತುಬರಲಿಲ್ಲ. ಬಟ್ಟೆಯೇ ದಾರದಿಂದ ಜಾರಿ ಹೊರಗೆ ಬಂತು. ಇದು ಸ್ಯಾಟಿನ್, ಎಳೆಗಳು ಒಂದನ್ನೊಂದು ಬಿಗಿಯಾಗಿ ಹಿಡಿದುಕೊಂಡಿರುವುದಿಲ್ಲ. ಕತ್ತರಿಸಿದ ಅಂಚಿನಲ್ಲಿ ಎಳೆ ಸುಮ್ನೆ ಉದುರುತ್ತಿರುತ್ತದೆ, ಓವರ್‌ಲಾಕ್ ಬೇರೆ ಸ್ವಲ್ಪ ತಿನ್ನುತ್ತದೆ. ಅರ್ಧ ಇಂಚಿಗೆ ಹೊಲಿದ ಇನ್ನೊಂದು ತುಂಡನ್ನು ಅಷ್ಟೇ ಜೋರಾಗಿ ಎಳೆದರೂ ಏನೂ ಆಗಲಿಲ್ಲ. ಮದುವೆ ಮನೆಯಲ್ಲಿ ಕೂತು ಎದ್ದು ಕುಣಿಯುವ ಬಟ್ಟೆ. ಸೊಂಟದ ಹತ್ತಿರ ಒಂದು ಹೊಲಿಗೆ ಬಾಯಿ ಬಿಟ್ಟರೆ ಆ ಹುಡುಗಿ ಏನು ಮಾಡಬೇಕು? ಮಾರ್ಜಿನ್ ಅರ್ಧ ಇಂಚೇ ಅಂತ ಬರೆದು ಕೆಳಗೆ ಗೆರೆ ಎಳೆದೆ.

ಮೂರನೇದು ಅಪ್ಪ ಹೇಳಿದ್ದು, ಅವರು ಕೆಲಸ ಕಲಿತ ಕಾಲದ ದಾರಿ. ಐದು ಕಲಿ ಕೂರಿಸಿದಾಗ ಆಚೆ ಹೋಗುವುದು ಎರಡು ತುದಿಯ ಕಲಿಗಳ ಕೆಳಮೂಲೆ ಮಾತ್ರ. ಅಲ್ಲಿ ಮೂಲೆ ಇಲ್ಲದೆಯೇ ಕತ್ತರಿಸಿ, ಆಮೇಲೆ ಉಳಿದ ಚೂರಿನಿಂದ ಮೂರು ಮೂಲೆಯ ತೇಪೆ ಕೊಡುವುದು. ನಾನು ಅಳೆದು ನೋಡಿದೆ. ಒಂದೊಂದು ಕಡೆ ಇಂಚಿನ ಮೇಲೆ ಸ್ವಲ್ಪ ಕೊರತೆ, ಅದು ಓರೆಯಲ್ಲಿ ಮೇಲಕ್ಕೆ ಹತ್ತಿ ಸುಮಾರು ಹನ್ನೊಂದು ಇಂಚಿನವರೆಗೆ ಹೋಗುತ್ತದೆ. ತೇಪೆಯ ಹೊಲಿಗೆಗೂ ಮಾರ್ಜಿನ್ ತೆಗೆದರೆ ಇನ್ನೂ ಉದ್ದ. ಕಸೂತಿ ಪಟ್ಟಿಯ ಎತ್ತರ ಮೂರೇ ಇಂಚು, ಮಿಕ್ಕಿದ್ದೆಲ್ಲ ಕಣ್ಣಿಗೆ ಬೀಳುತ್ತದೆ. ಒಟ್ಟು ಇಪ್ಪತ್ತನಾಲ್ಕು ತೇಪೆ. ಹತ್ತಿ ಬಟ್ಟೆ ಆಗಿದ್ದರೆ ಇಸ್ತ್ರಿಗೆ ಕೂರುತ್ತಿತ್ತು. ಹೊಳೆಯುವ ಬಟ್ಟೆಯಲ್ಲಿ ಸಣ್ಣ ಓರೆ ಹೊಲಿಗೆ ಬೆಳಕಿಗೆ ಗೆರೆಯ ಹಾಗೆ ಕಾಣುತ್ತದೆ.

ಮಂಗಳವಾರ ರಾತ್ರಿ: ಕಾಗದದ ಮೇಲೆ

ಬಟ್ಟೆ ಮುಟ್ಟುವುದು ಬಿಟ್ಟು ಕಾಗದ ತೆಗೆದೆ. ನಾಲ್ಕು ಇಂಚಿಗೆ ಒಂದು ಇಂಚಿನ ಲೆಕ್ಕ. ಹತ್ತೂವರೆ ಇಂಚಿಗಿಂತ ಒಂದು ಕೂದಲು ಕಮ್ಮಿ ಅಗಲದ ಕಾಗದ ನನ್ನ ಬಟ್ಟೆ. ಮೇಲೆ 1, ಕೆಳಗೆ 3, ಉದ್ದ 9½ ಇಂಚಿನ ಐದು ಕಲಿ ಕತ್ತರಿಸಿಕೊಂಡು ಕೂತೆ. ಜರುಗಿಸಿದೆ, ತಿರುಗಿಸಿದೆ, ಸ್ವಲ್ಪ ವಾಲಿಸಿಯೂ ನೋಡಿದೆ. ವಾಲಿಸಿದರೆ ಕಲಿಯ ನಡುಗೆರೆ ಬಟ್ಟೆಯ ನೇರ ಎಳೆ ಬಿಟ್ಟು ಓರೆಗೆ ಹೋಗುತ್ತದೆ. ಅಂಥ ಕಲಿ ಲಂಗದಲ್ಲಿ ಒಂದು ಕಡೆಗೆ ತಿರುಚಿಕೊಂಡು ನೇತಾಡುತ್ತದೆ. ಅದನ್ನು ಬಿಟ್ಟೆ.

ನಾಲ್ಕು ಕಲಿ ಕೂರಿಸಿ ಸುಮ್ನೆ ನೋಡುತ್ತಾ ಇದ್ದಾಗ ಕಣ್ಣಿಗೆ ಬಿದ್ದಿದ್ದು ಎರಡು ತುದಿಗಳ ಖಾಲಿ ಜಾಗ. ಎಡ ತುದಿಯಲ್ಲಿ ಒಂದು ಓರೆ ತುಂಡು, ಬಲ ತುದಿಯಲ್ಲಿ ಒಂದು ಓರೆ ತುಂಡು. ನಾನು ಇಷ್ಟು ಹೊತ್ತೂ ಐದನೇ ಕಲಿಯನ್ನು ಒಂದೇ ಕಡೆ ತುರುಕಲು ನೋಡುತ್ತಿದ್ದೆ. ಜಾಗ ಇದ್ದದ್ದು ಎರಡು ಕಡೆ ಹಂಚಿಕೊಂಡು. ಐದನೇ ಕಾಗದದ ಕಲಿಯನ್ನು ನಡುಗೆರೆಗೆ ಸರಿಯಾಗಿ ಉದ್ದಕ್ಕೆ ಕತ್ತರಿಸಿದೆ. ಅರ್ಧ ಕಲಿಗೆ ಒಂದು ಪಕ್ಕ ಓರೆ, ಇನ್ನೊಂದು ಪಕ್ಕ ನೆಟ್ಟಗೆ. ನೆಟ್ಟಗಿರುವ ಪಕ್ಕವನ್ನು ಬಟ್ಟೆಯ ಅಂಚಿಗೆ ಇಟ್ಟೆ, ಓರೆ ಪಕ್ಕವನ್ನು ಪಕ್ಕದ ಕಲಿಗೆ ಅಂಟಿಸಿದೆ. ಎಡಕ್ಕೊಂದು ಅರ್ಧ, ನಡುವೆ ನಾಲ್ಕು ಇಡೀ ಕಲಿ, ಬಲಕ್ಕೊಂದು ಅರ್ಧ. ತುದಿಗಳಲ್ಲಿ ಖಾಲಿ ಜಾಗವೇ ಇಲ್ಲ.

ಈಗ ಅಗಲ ಎಷ್ಟು? ಸಾಲಿನ ಕೆಳ ಅಂಚು ಎಣಿಸಿದರೆ ಅರ್ಧ ಕಲಿಯ 6, ಆಮೇಲೆ 4, 12, 4, 12, ಕೊನೆಯ ಅರ್ಧದ 2. ಒಟ್ಟು 40. ಎರಡು ಅರ್ಧಗಳನ್ನು ಜೋಡಿಸುವ ಹೊಲಿಗೆಗೆ ಅರ್ಧರ್ಧ ಇಂಚು ಸೇರಿಸಿದರೆ 41. ಇರುವುದು 41¾. ಮಾರ್ಜಿನ್ ಕಮ್ಮಿ ಮಾಡದೆ, ಕಲಿಯ ಅಳತೆ ಬದಲಿಸದೆ ಮುಕ್ಕಾಲು ಇಂಚು ಉಳಿಯಿತು.

ಅಪ್ಪನನ್ನು ಎಬ್ಬಿಸಿದೆ. ಅವರು ಕಾಗದ ನೋಡಿ, "ಲಂಗಕ್ಕೆ ಎರಡು ಕಲಿಯಲ್ಲಿ ನಡುವೆ ಹೊಲಿಗೆ ಬರುತ್ತೆ, ಅಲ್ವಾ?" ಅಂದರು. ಬರುತ್ತೆ. ಆದರೆ ಅದು ನೇರ ಎಳೆಯ ಮೇಲಿನ ಹೊಲಿಗೆ, ಇಸ್ತ್ರಿಗೆ ಚೆನ್ನಾಗಿ ಮಲಗುತ್ತದೆ. ಕೆಳಗಡೆ ಅದು ಕಲಿಯ ನಡುವಿಗೇ ಬರುವುದರಿಂದ ಕಸೂತಿಯ ಹೂವು ಅದರ ಮೇಲೇ ಕೂರುತ್ತದೆ. ಇಪ್ಪತ್ತನಾಲ್ಕು ತೇಪೆಯ ಬದಲು ಹನ್ನೆರಡು ನೇರ ಹೊಲಿಗೆ. ಅಪ್ಪ ಒಂದು ನಿಮಿಷ ಯೋಚಿಸಿ ಇನ್ನೊಂದು ಮಾತು ಸೇರಿಸಿದರು, ಅದು ನನಗೆ ಹೊಳೆದಿರಲಿಲ್ಲ. ಜಿಪ್ ಅನ್ನು ಆ ನೇರ ಹೊಲಿಗೆಯಲ್ಲೇ ಕೂರಿಸು ಅಂದರು. ಕಲಿ ಲಂಗದಲ್ಲಿ ಜಿಪ್ ಹಾಕುವುದು ಓರೆ ಹೊಲಿಗೆಯಲ್ಲಿ. ಓರೆ ಬಟ್ಟೆ ಮೆಷಿನ್ ಕೆಳಗೆ ಎಳೆದುಕೊಂಡು ಜಿಪ್ ಅಲೆ ಅಲೆಯಾಗುತ್ತದೆ. ನೇರ ಎಳೆಯಲ್ಲಿ ಆ ತೊಂದರೆ ಇಲ್ಲ. ಹಾಗಾಗಿ ಜೋಡಿಸಿದ ಒಂದು ಕಲಿ ಬೆನ್ನಿನ ಕಡೆ ನಡುವಿಗೆ, ಜಿಪ್ ಸಮೇತ. ಇನ್ನೊಂದು ಎಡಗೈ ಇಳಿಬೀಳುವ ಪಕ್ಕಕ್ಕೆ.

ಬುಧವಾರ: ಕಟಿಂಗ್, ನನ್ನ ತಪ್ಪು

ಮೊದಲು ಒಂದು ಪರೀಕ್ಷೆ. ಕಲಿಗಳನ್ನು ತಲೆಕೆಳಗೆ ಇಟ್ಟು ಕತ್ತರಿಸುವಾಗ ಬಟ್ಟೆಗೆ ಮೇಲೆ ಕೆಳಗೆ ಅನ್ನುವ ದಿಕ್ಕು ಇರಬಾರದು. ವೆಲ್ವೆಟ್‌ನಲ್ಲಿ, ಒಂದೇ ದಿಕ್ಕಿನ ಹೂವಿರುವ ಬಟ್ಟೆಯಲ್ಲಿ ಇದು ಆಗುವುದೇ ಇಲ್ಲ. ಹೊಳಪಿನ ಬಟ್ಟೆಯಲ್ಲೂ ಕೆಲವು ಸಲ ಬಣ್ಣ ಬೇರೆ ಕಾಣುತ್ತದೆ. ಎರಡು ತುಂಡನ್ನು ಒಂದು ನೆಟ್ಟಗೆ, ಒಂದು ತಲೆಕೆಳಗೆ ಪಿನ್ ಮಾಡಿ ಕಿಟಕಿಯ ಬೆಳಕಿನಲ್ಲೂ ದೀಪದ ಕೆಳಗೂ ತೂಗುಹಾಕಿ ನೋಡಿದೆವು. ಎರಡೂ ಒಂದೇ ಥರ ಕಂಡವು.

ಮೊದಲ ಸಾಲು ಒಂದೇ ಪದರದಲ್ಲಿ ಹಾಸಿ ಗುರುತು ಹಾಕಿದೆ. ಅಂಚಿನ ಅರ್ಧ ಇಂಚು ತೆಗೆದೆ. ನಾಲ್ಕು ಇಡೀ ಕಲಿ, ಎರಡು ಅರ್ಧ ಕತ್ತರಿಸಿದೆ. ಎರಡು ಅರ್ಧಗಳನ್ನು ಎತ್ತಿಕೊಂಡು ನೇರ ಅಂಚಿಗೆ ನೇರ ಅಂಚು ಸೇರಿಸಿ ಮೇಜಿನ ಮೇಲಿಟ್ಟೆ.

ಒಂದರ ಹೊಳಪು ಮೇಲೆ, ಇನ್ನೊಂದರ ಮಬ್ಬು ಮೇಲೆ.

ತಿರುಗಿಸಿದೆ. ಹೊಳಪಿನ ಕಡೆ ಬಂತು, ಆದರೆ ಈಗ ಓರೆಯ ಪಕ್ಕಕ್ಕೆ ನೇರ ಪಕ್ಕ ಬಂತು. ಎಷ್ಟು ತಿರುಗಿಸಿದರೂ ಎರಡೂ ಅರ್ಧ ಒಂದೇ ಕೈಯವು, ಎರಡೂ ಎಡಗಾಲಿನ ಚಪ್ಪಲಿ ಇದ್ದ ಹಾಗೆ. ಕಾಗದಕ್ಕೆ ಸೀದಾ ಉಲ್ಟಾ ಇರಲಿಲ್ಲ, ಹಾಗಾಗಿ ರಾತ್ರಿ ಇದು ಗೊತ್ತೇ ಆಗಿರಲಿಲ್ಲ. ಕೈಕಾಲು ತಣ್ಣಗಾಯಿತು. ಕತ್ತರಿಸಿದ ಮೇಲೆ ಗೊತ್ತಾದರೆ ಏನು ಪ್ರಯೋಜನ? ಎರಡು ಅರ್ಧ ಹಾಳು ಅಂದರೆ ಲೆಕ್ಕ ಮತ್ತೆ ಕಮ್ಮಿ ಬೀಳುತ್ತದೆ. ನಾನು ಅತ್ತೇಬಿಟ್ಟೆ, ಅದನ್ನೂ ಬರೆಯುತ್ತೇನೆ.

ಅಪ್ಪ ಏನೂ ಬೈಯಲಿಲ್ಲ. "ಕತ್ತರಿ ಕೆಳಗಿಡು. ಕಾಗದ ತಾ, ಒಂದು ಕಡೆ ಬಣ್ಣ ಬಳಿ" ಅಂದರು. ಬಳಿದೆ. ಮತ್ತೆ ಕೂರಿಸಿದೆ. ಎಡ ತುದಿಯ ಅರ್ಧ ಕಲಿ ನೆಟ್ಟಗೆ ನಿಂತರೆ, ನಡುವೆ ನಾಲ್ಕು ಕಲಿ ದಾಟಿ ಬಲ ತುದಿಯದು ತಲೆಕೆಳಗಾಗುತ್ತದೆ. ಅದನ್ನು ನೆಟ್ಟಗೆ ಮಾಡಲು ಅರ್ಧ ಸುತ್ತು ತಿರುಗಿಸಿದರೆ ನೇರ ಅಂಚು ಅದಕ್ಕೂ ಎಡಕ್ಕೇ ಬರುತ್ತದೆ. ಎರಡೂ ಒಂದೇ ಕೈ ಆಗಲು ಕಾರಣ ಅದು. ಹಾಗಾದರೆ ಎರಡನೇ ಸಾಲನ್ನು ತಲೆಕೆಳಗಾದ ಅರ್ಧದಿಂದ ಶುರು ಮಾಡಿದರೆ? ಎರಡಕ್ಕೂ ನೇರ ಅಂಚು ಬಲಕ್ಕೆ ಬಂತು. ಮೊದಲ ಸಾಲಿನ ಎರಡು ಅರ್ಧಕ್ಕೆ ಎರಡನೇ ಸಾಲಿನ ಎರಡು ಅರ್ಧ ಸರಿಯಾಗಿ ಜೋಡಿ. ಒಂದು ಲಂಗಕ್ಕೆ ಬೇಕಾದ್ದೂ ಎರಡೇ ಸಾಲು. ಏನೂ ಹಾಳಾಗಿರಲಿಲ್ಲ.

ನಾನು ಎರಡನೇ ಸಾಲನ್ನೂ ಮೊದಲಿನ ಹಾಗೇ ಕತ್ತರಿಸಿದ್ದರೆ ನಾಲ್ಕೂ ಅರ್ಧ ಒಂದೇ ಕೈಯವು ಆಗುತ್ತಿದ್ದವು. ಮೊದಲ ಸಾಲು ಮುಗಿದ ಕೂಡಲೇ ಜೋಡಿಸಿ ನೋಡಿದ್ದಕ್ಕೆ ಉಳಿಯಿತು.

ಎರಡನೇ ಸಾಲು ಕತ್ತರಿಸಿ, ನಾಲ್ಕು ಅರ್ಧಗಳನ್ನು ಎರಡು ಕಲಿಯಾಗಿ ಪಿನ್ ಮಾಡಿ, ಇಡೀ ಕಲಿಯ ಮೇಲಿಟ್ಟು ಅಳೆದೆ. ನಡು ಹೊಲಿಗೆ ಹಾಕಿದಾಗ ಮೇಲೆ 4, ಕೆಳಗೆ 12 ಬರುವಂತಿದೆ, ಸರಿ.

ಉಳಿದ ಐದು ಲಂಗಕ್ಕೆ ಅಪ್ಪ ಸುಲಭದ ದಾರಿ ಹೇಳಿದರು. ಎರಡು ಸಾಲಿನ ಉದ್ದ, ಅಂದರೆ 76 ಇಂಚು ಬಟ್ಟೆಯನ್ನು ಅಡ್ಡಕ್ಕೆ ಮಡಚಿ, ಹೊಳಪಿಗೆ ಹೊಳಪು ಮುಖ ಮಾಡಿ, ಎರಡು ಪದರ ಒಟ್ಟಿಗೆ ಕತ್ತರಿಸುವುದು. ಮುಖಾಮುಖಿ ಇರುವುದರಿಂದ ಕೆಳಗಿನ ಪದರದ ಅರ್ಧ ತಾನಾಗಿಯೇ ಇನ್ನೊಂದು ಕೈಯದಾಗುತ್ತದೆ. ತಲೆ ಕೆಡಿಸಿಕೊಳ್ಳುವ ಹಾಗೇ ಇಲ್ಲ.

ಆದರೆ ಎರಡನೇ ಲಂಗ ಕತ್ತರಿಸುವಾಗ ಕೆಳಗಿನ ಪದರ ಜಾರಿತು. ಒಂದು ಕಲಿ ಕೆಳಗಡೆ ಅರೆಕಾಲು ಇಂಚು ಸಣ್ಣದಾಯಿತು. ಮಾರ್ಜಿನ್‌ನಲ್ಲಿ ಹೊಂದಿಸಿಕೊಳ್ಳಬಹುದಾದಷ್ಟೇ ಆಗಿದ್ದರಿಂದ ಬಚಾವ್. ಆಮೇಲೆ ಮೇಜಿನ ಮೇಲೆ ಹಳೇ ಹತ್ತಿ ಬೆಡ್‌ಶೀಟ್ ಹಾಸಿದೆ, ಸ್ಯಾಟಿನ್ ಅದನ್ನು ಹಿಡಿದುಕೊಳ್ಳುತ್ತದೆ. ಗುಂಡುಪಿನ್ನು ಮಾರ್ಜಿನ್ ಒಳಗೆ ಮಾತ್ರ ಚುಚ್ಚಿದೆ, ಈ ಬಟ್ಟೆಯಲ್ಲಿ ಪಿನ್ನಿನ ತೂತು ಉಳಿದುಬಿಡುತ್ತದೆ. ಮತ್ತೆ ಜಾರಲಿಲ್ಲ.

ಹನ್ನೆರಡು ಸಾಲು ಮುಗಿದಾಗ ಉಳಿದದ್ದು ಹತ್ತೊಂಬತ್ತು ಇಂಚು ಚಿಲ್ಲರೆ. ಸೊಂಟಪಟ್ಟಿಗೆ ಅಪ್ಪನ ಲೆಕ್ಕ ಪಟ್ಟಿಗೆ 4 ಇಂಚು, ಒಟ್ಟು 24. ಇಲ್ಲೂ ಕೊರತೆ. ಹೊರಗೆ ಕಾಣುವ ಕಡೆಗೆ ಮಾತ್ರ ಇದೇ ಬಟ್ಟೆ 2½ ಇಂಚು, ಒಳಗಡೆಗೆ ಲೈನಿಂಗ್ ಬಟ್ಟೆ ಅಂತ ಮಾಡಿದೆ. ಆರು ಪಟ್ಟಿಗೆ 15 ಇಂಚು ಸಾಕಾಯಿತು. ಒಳಗೆ ಬಕ್ರಮ್ ಇಟ್ಟ ಮೇಲೆ ಗಟ್ಟಿಯಾಗೇ ನಿಂತಿತು.

ಗುರುವಾರ, ಶುಕ್ರವಾರ: ಹೊಲಿಗೆ

ಮೊದಲು ಹನ್ನೆರಡು ನೇರ ಹೊಲಿಗೆ ಮುಗಿಸಿ, ಮಾರ್ಜಿನ್ ಎರಡು ಕಡೆಗೆ ಬಿಡಿಸಿ ಇಸ್ತ್ರಿ ಮಾಡಿದೆ. ಇಸ್ತ್ರಿ ಉಲ್ಟಾ ಕಡೆಯಿಂದ, ಮೇಲೆ ತೆಳು ಬಟ್ಟೆ ಹಾಸಿ. ಜಿಪ್ ಬರುವ ಆರರಲ್ಲಿ ಮೇಲಿನ 7 ಇಂಚು ಬಿಟ್ಟುಕೊಂಡೆ. ಓವರ್‌ಲಾಕ್, ಇಸ್ತ್ರಿ ಎಲ್ಲಾ ಸೇರಿ ಒಂದೊಂದಕ್ಕೆ ಹತ್ತು ನಿಮಿಷ ಹಿಡಿಯಿತು. ಕೊರತೆಯಿಂದ ಆದ ಹೆಚ್ಚುವರಿ ಕೆಲಸ ಅಂದರೆ ಈ ಎರಡು ಗಂಟೆಯೇ.

ಓರೆ ಹೊಲಿಗೆಗಳನ್ನು ಎಲ್ಲಾ ಕೆಳಗಿನ ಘೇರಿನಿಂದ ಸೊಂಟದ ಕಡೆಗೆ ಹೊಲಿದೆ. ಅಗಲದಿಂದ ಸಣ್ಣಗಾಗುವ ಕಡೆಗೆ ಹೋದರೆ ಓರೆ ಬಟ್ಟೆ ಎಳೆದುಕೊಳ್ಳುವುದು ಕಮ್ಮಿ. ಮೊದಲ ಲಂಗದಲ್ಲಿ ಎರಡು ಹೊಲಿಗೆ ಮರೆತು ಮೇಲಿನಿಂದ ಶುರು ಮಾಡಿದೆ, ಕೊನೆಗೆ ಕಾಲು ಇಂಚು ಏರುಪೇರು. ಬಿಚ್ಚಿ ಮತ್ತೆ ಹೊಲಿದೆ. ಸ್ಯಾಟಿನ್ ಬಿಚ್ಚಿದರೆ ಹಳೇ ಸೂಜಿಯ ಗುರುತು ಉಳಿಯುತ್ತದೆ, ಅದು ಮಾರ್ಜಿನ್ ಒಳಗೆ ಹೋಗಲಿ ಅಂತ ಹೊಸ ಹೊಲಿಗೆಯನ್ನು ಒಂದು ದಾರದಷ್ಟು ಈಚೆಗೆ ಹಾಕಬೇಕಾಯಿತು.

ಸೊಂಟ ಎಲ್ಲರದೂ 30 ಅಲ್ಲ. ಎಲ್ಲರಿಗಿಂತ ಸಣ್ಣವಳದು 27½. ಎರಡೂವರೆ ಇಂಚನ್ನು ಹತ್ತು ಕಲಿಗೆ ಹಂಚಿದರೆ ಕಲಿಗೆ ಕಾಲು ಇಂಚು. ಮೇಲಿನ ಏಳೆಂಟು ಇಂಚಿನಲ್ಲಿ ಓರೆ ಹೊಲಿಗೆಗಳನ್ನು ಸ್ವಲ್ಪ ಒಳಗೆ ತೆಗೆದುಕೊಂಡು ಕೆಳಗೆ ಬರುತ್ತಾ ಹಳೇ ಗೆರೆಗೆ ಸೇರಿಸಿದೆ. ಜಿಪ್ಪಿನ ಹೊಲಿಗೆ ಮುಟ್ಟಲಿಲ್ಲ.

ಶುಕ್ರವಾರ ಮಧ್ಯಾಹ್ನಕ್ಕೆ ಆರೂ ಲಂಗವನ್ನು ಸೊಂಟದಿಂದ ತೂಗುಹಾಕಿ ಒಂದು ರಾತ್ರಿ ಬಿಟ್ಟೆವು. ಓರೆ ಹೊಲಿಗೆ ಇರುವ ಕಡೆ ಬಟ್ಟೆ ತನ್ನ ಭಾರಕ್ಕೇ ಇಳಿಯುತ್ತದೆ, ಇಳಿದ ಮೇಲೆಯೇ ಕೆಳಗಡೆ ಮಟ್ಟ ಮಾಡಬೇಕು. ಮೊದಲೇ ಪಟ್ಟಿ ಹಾಕಿಬಿಟ್ಟರೆ ನಾಳೆ ಅದು ಅಲೆ ಅಲೆಯಾಗಿ ಕಾಣುತ್ತದೆ.

ಶನಿವಾರ: ಕಸೂತಿ ಪಟ್ಟಿ

ನೆಲದಿಂದ ಅಳೆದು ಮಟ್ಟ ಮಾಡಿದೆ. ಪ್ರತಿ ಹೊಲಿಗೆಯ ಹತ್ತಿರ ಕಾಲು ಇಂಚಿನಷ್ಟು ಇಳಿದಿತ್ತು, ಅಲ್ಲಿ ಮಾತ್ರ ಸ್ವಲ್ಪ ಸ್ವಲ್ಪ ಕತ್ತರಿಸಿದೆ. ಪಟ್ಟಿ ಕೂರಿಸಲು ಶುರು ಮಾಡಿದ್ದು ಬೆನ್ನಿನ ಜೋಡಿಸಿದ ಕಲಿಯಿಂದ, ನಡು ಹೊಲಿಗೆಯ ಮೇಲೆ ಹೂವಿನ ನಡು ಇಟ್ಟು. ಹತ್ತು ಹೂವು, ಹತ್ತು ಕಲಿ, ಸುತ್ತು ಬಂದು ಪಟ್ಟಿಯ ಎರಡು ತುದಿ ಎರಡು ಕಲಿಗಳ ನಡುವಿನ ಹೊಲಿಗೆಯಲ್ಲೇ ಸೇರಿದವು. ಜೋಡಿಸಿದ ಕಲಿ ಯಾವುದು ಅಂತ ಅಮ್ಮನಿಗೆ ಕೇಳಿದೆ. ಜಿಪ್ ಇರುವುದನ್ನು ತಕ್ಷಣ ತೋರಿಸಿದರು. ಪಕ್ಕದ್ದನ್ನು ಹುಡುಕಲು ಅವರು ಲಂಗವನ್ನು ಕಿಟಕಿಯ ಹತ್ತಿರ ಹಿಡಿಯಬೇಕಾಯಿತು.

ಅರೆಕಾಲು ಇಂಚು ಸಣ್ಣ ಆಗಿತ್ತಲ್ಲ, ಆ ಎರಡನೇ ಲಂಗದಲ್ಲಿ ಒಂದು ಹೂವು ನಡುವಿನಿಂದ ಸ್ವಲ್ಪ ಬಲಕ್ಕೆ ಕೂತಿದೆ. ಬಿಚ್ಚಿ ಹೊಲಿದರೂ ಸರಿಹೋಗಲಿಲ್ಲ, ಹಾಗೇ ಬಿಟ್ಟೆ. ಅದು ಯಾವ ಹುಡುಗಿಯ ಲಂಗ ಅಂತ ಗೊತ್ತು, ಅವಳಿಗೆ ಹೇಳಿಯೇ ಕೊಟ್ಟೆ. ಅವಳು ಎಷ್ಟು ಹುಡುಕಿದರೂ ಅವಳಿಗೆ ಕಾಣಲಿಲ್ಲ. ನನಗೆ ಮಾತ್ರ ಈಗಲೂ ಕಾಣುತ್ತಿದೆ.

ಭಾನುವಾರ

ಒಂಬತ್ತು ಗಂಟೆಗೆ ಆರೂ ಲಂಗ ಹೋದವು. ಬಟ್ಟೆಯಲ್ಲಿ ಉಳಿದದ್ದು ನಾಲ್ಕು ಇಂಚು ಅಗಲದ ಒಂದು ಪಟ್ಟಿ. ಅಪ್ಪ ಅದನ್ನು ಮಡಚಿ, ಎಡಗೈಯಲ್ಲೇ ಕಷ್ಟಪಟ್ಟು ಒಂದು ಚೀಟಿ ಬರೆದು ಪಿನ್ ಮಾಡಿದರು: "ಅದ್ದಿಸುವ ಮೊದಲು 45, ಅದ್ದಿಸಿದ ಮೇಲೆ 42¾." ಆಮೇಲೆ ಮೂಲೆಯಲ್ಲಿದ್ದ ಮುಂದಿನ ಆರ್ಡರಿನ ಕಟ್ಟು ತೋರಿಸಿ, "ಅದನ್ನೂ ಬಿಚ್ಚಮ್ಮ, ಎರಡೆರಡು ಮೀಟರಿಗೆ ಹಿಡಿ" ಅಂದರು. ಟೇಪಿನ ಒಂದು ತುದಿ ಅವರು ಹಿಡಿದುಕೊಂಡರು.